ಓರೆ ಮಾಡೋ ಮೊದಲು ಲ.ಸಾ.ಅ. ಹಾಕಿ

ನಮ್ಮಲ್ಲಿ ಹೆಚ್ಚಿನವರ ನೋಟ್ಸ್‌ನಲ್ಲಿ ಒಂದು ಸಾಲು ಇದ್ದೇ ಇರುತ್ತೆ: "ಕಾಗಿಂಗ್ ಕಡಿಮೆ ಮಾಡಲು ಸ್ಲಾಟ್‌ಗಳನ್ನು ಅಥವಾ ಮ್ಯಾಗ್ನೆಟ್‌ಗಳನ್ನು ಒಂದು ಸ್ಲಾಟ್ ಪಿಚ್‌ನಷ್ಟು ಸ್ಕ್ಯೂ ಮಾಡಬೇಕು." ಸೀನಿಯರ್ ನೋಟ್ಸ್‌ನಿಂದ ಜೂನಿಯರ್ ನೋಟ್ಸ್‌ಗೆ ಇಳಿದು ಬಂದ ಸಾಲು ಇದು. ಪರೀಕ್ಷೆಯಲ್ಲಿ ಬರೆದರೆ ಮಾರ್ಕ್ಸ್ ಸಿಗುತ್ತೆ. ಆದ್ರೆ ಇದನ್ನೇ ನಂಬಿ ರೋಟರ್ ಕಟ್ಟಿದರೆ ಏನಾಗುತ್ತೆ ಅಂತ ನಾವು ಮೂವರು ಕೈಯಾರೆ ಕಂಡಿದ್ದೇವೆ. ಅದಕ್ಕೇ ಹೇಳ್ತಿದ್ದೇವೆ, ಆ ಸಾಲಿನಿಂದ "ಒಂದು ಸ್ಲಾಟ್ ಪಿಚ್" ಅನ್ನೋ ಮಾತನ್ನು ಹೊಡೆದುಹಾಕಬೇಕು. ಅದರ ಜಾಗದಲ್ಲಿ ಒಂದು ಸಣ್ಣ ಲೆಕ್ಕ ಬರಬೇಕು.

ನಮ್ಮ ಪ್ರಾಜೆಕ್ಟ್ ಒಂದು ಪುಟ್ಟ ಗಾಳಿಯಂತ್ರದ ಜನರೇಟರ್. ಸ್ಟೇಟರ್ ಗುಜರಿಯಲ್ಲಿ ಸಿಕ್ಕಿದ್ದು, 12 ಹಲ್ಲು, 12 ಸ್ಲಾಟ್. ರೋಟರ್ ನಾವೇ ಮಾಡಿದ್ದು, 10 ಪೋಲ್, ವ್ಯಾಸ 60 ಮಿ.ಮೀ. ಐದು ಕಬ್ಬಿಣದ ರಿಂಗ್ ಮಾಡಿಸಿ, ಒಂದೊಂದಕ್ಕೂ 10 ಮ್ಯಾಗ್ನೆಟ್ ಅಂಟಿಸಿ, ಐದನ್ನೂ ಒಂದೇ ಶಾಫ್ಟ್‌ಗೆ ಸಾಲಾಗಿ ಪೋಣಿಸಿ ಸ್ಕ್ರೂನಿಂದ ಬಿಗಿ ಮಾಡಿದ್ವಿ. ಮೊದಲು ಎಲ್ಲ ರಿಂಗ್‌ಗಳನ್ನೂ ನೇರವಾಗಿಟ್ಟೇ ಜೋಡಿಸಿದ್ವಿ. ಕೈಯಲ್ಲಿ ತಿರುಗಿಸಿದರೆ ಟಕ್ ಟಕ್ ಅಂತ ಹಿಡಿದು ಹಿಡಿದು ಬಿಡ್ತಿತ್ತು. ವೈರ್‌ಗಳು ಎಲ್ಲಿಗೂ ಸೇರಿರಲಿಲ್ಲ, ಒಂದು ಹನಿ ಕರೆಂಟೂ ಇರಲಿಲ್ಲ. ಆದರೂ ಹಿಡಿಯುತ್ತೆ. ಕಾಗಿಂಗ್ ಅಂದ್ರೆ ಅದೇ. ಮೆಲ್ಲನೆ ಬೀಸುವ ಗಾಳಿಗೆ ರೆಕ್ಕೆ ಆ ಮೊದಲ ಹಿಡಿತವನ್ನೇ ದಾಟಲಾರದೆ ನಿಂತುಬಿಡ್ತಿತ್ತು.

ಈ ಹಿಡಿತ ಎಲ್ಲಿಂದ ಬರುತ್ತೆ? ಮ್ಯಾಗ್ನೆಟ್‌ಗೆ ಕಬ್ಬಿಣದ ಹಲ್ಲು ಇಷ್ಟ, ಸ್ಲಾಟ್‌ನ ಬಾಯಿ ಇಷ್ಟವಿಲ್ಲ. ರೋಟರ್ ತಿರುಗುವಾಗ ಮ್ಯಾಗ್ನೆಟ್‌ನ ಅಂಚು ಒಂದು ಸ್ಲಾಟ್ ಬಾಯಿಯನ್ನು ದಾಟುತ್ತೆ. ಆಗ ಗಾಳಿಸಂದಿಯಲ್ಲಿ ಕೂಡಿಟ್ಟ ಕಾಂತಶಕ್ತಿ W ಏರುತ್ತೆ, ಇಳಿಯುತ್ತೆ. ಆ ಏರಿಳಿತದ ಇಳಿಜಾರೇ ಟಾರ್ಕ್: T = −dW/dθ. ಒಂದು ಸುತ್ತಿನಲ್ಲಿ ಸರಾಸರಿ ತೆಗೆದರೆ ಅದು ಸೊನ್ನೆ. ಅಂದ್ರೆ ಕಾಗಿಂಗ್ ಶಕ್ತಿಯನ್ನು ತಿನ್ನೋದಿಲ್ಲ, ಒಂದು ಕಡೆ ತಡೆದು ಇನ್ನೊಂದು ಕಡೆ ತಳ್ಳುತ್ತೆ ಅಷ್ಟೆ. ವೇಗವಾಗಿ ತಿರುಗುವಾಗ ರೋಟರ್‌ನ ಜಡತ್ವ ಇದನ್ನು ನುಂಗಿಕೊಳ್ಳುತ್ತೆ. ನಿಂತಲ್ಲಿಂದ ಹೊರಡುವಾಗ, ಬಹಳ ನಿಧಾನವಾಗಿ ತಿರುಗುವಾಗ ಮಾತ್ರ ಪೂರ್ತಿ ಕಾಡುತ್ತೆ.

ಓರೆ ಮಾಡಿದರೆ ಯಾಕೆ ಸರಿಹೋಗುತ್ತೆ ಅನ್ನೋದಕ್ಕೆ ಕ್ಯಾಂಪಸ್ ಗೇಟಿನ ಹಂಪ್ ನೋಡಿ. ತಳ ತಗ್ಗಿರುವ ಕಾರನ್ನು ಯಾರೂ ನೇರ ಹತ್ತಿಸಲ್ಲ, ಸ್ವಲ್ಪ ಓರೆ ಮಾಡ್ತಾರೆ. ನಾಲ್ಕು ಚಕ್ರ ಒಂದಾದ ಮೇಲೊಂದು ಹತ್ತುತ್ತವೆ, ಒಂದು ಏರುವಾಗ ಇನ್ನೊಂದು ಇಳೀತಿರುತ್ತೆ. ಮೋಟರ್‌ನಲ್ಲೂ ಹಾಗೇ. ಮ್ಯಾಗ್ನೆಟ್‌ನ ಒಂದು ತುದಿ ಶಕ್ತಿಯ ಏರನ್ನು ಹತ್ತುವಾಗ ಇನ್ನೊಂದು ಭಾಗ ಇಳಿಜಾರಿನಲ್ಲಿದ್ದರೆ, ಒಂದರ ತಡೆಯನ್ನು ಇನ್ನೊಂದರ ತಳ್ಳು ಹೊಡೆದುಹಾಕುತ್ತೆ. ಓರೆಯ ಕೋನ ಕಾಗಿಂಗ್‌ನ ಒಂದು ಪೂರ್ತಿ ಆವರ್ತಕ್ಕೆ ಸರಿಯಾದರೆ, ರೋಟರ್ ಎಲ್ಲೇ ನಿಂತರೂ ಏರು, ತುದಿ, ಇಳಿಜಾರು, ತಗ್ಗು ಎಲ್ಲವೂ ಸಮಪಾಲಿನಲ್ಲಿ ಇರುತ್ತವೆ. ಆಗ W ಬದಲಾಗೋದಿಲ್ಲ, ಟಾರ್ಕೂ ಇಲ್ಲ.

ಗಮನಿಸಿ, ನಾವು ಹೇಳಿದ್ದು "ಕಾಗಿಂಗ್‌ನ ಆವರ್ತ". ಸ್ಲಾಟ್ ಪಿಚ್ ಅಲ್ಲ. ಎಡವಟ್ಟಾಗೋದು ಇಲ್ಲೇ.

ಒಂದು ಸುತ್ತಿಗೆ ಎಷ್ಟು ಟಕ್ ಬರುತ್ತೆ ಅನ್ನೋದನ್ನು ಸ್ಲಾಟ್‌ಗಳ ಸಂಖ್ಯೆ ಮತ್ತು ಪೋಲ್‌ಗಳ ಸಂಖ್ಯೆಯ ಲ.ಸಾ.ಅ. ಹೇಳುತ್ತೆ. 24 ಸ್ಲಾಟ್, 4 ಪೋಲ್ ಇರುವ ಮೋಟರ್ ತಗೊಳ್ಳಿ. ಲ.ಸಾ.ಅ. 24, ಆವರ್ತ 15 ಡಿಗ್ರಿ. ಸ್ಲಾಟ್ ಪಿಚ್ ಕೂಡ 15 ಡಿಗ್ರಿಯೇ. ಅಲ್ಲಿ ನೋಟ್ಸ್‌ನ ಸಾಲು ನೂರಕ್ಕೆ ನೂರು ಸರಿ. ನಮ್ಮದರಲ್ಲಿ 12 ಮತ್ತು 10ರ ಲ.ಸಾ.ಅ. 60. ಆವರ್ತ 6 ಡಿಗ್ರಿ, ಸ್ಲಾಟ್ ಪಿಚ್ ಮಾತ್ರ 30 ಡಿಗ್ರಿ. ಐದು ಪಟ್ಟು ವ್ಯತ್ಯಾಸ!

ನಮಗೆ ಆಗ ಇದು ಹೊಳೆಯಲಿಲ್ಲ. ಒಂದು ಸ್ಲಾಟ್ ಪಿಚ್ ಅಂದ್ರೆ 30 ಡಿಗ್ರಿ, ರಿಂಗ್ ಐದು, ಹಾಗಾದ್ರೆ ಒಂದೊಂದನ್ನು 6 ಡಿಗ್ರಿ ಸರಿಸೋಣ ಅಂದ್ಕೊಂಡ್ವಿ. ಲೆಕ್ಕ ಎಷ್ಟು ಚೆನ್ನಾಗಿ ಕೂಡಿಬಂತು ಅಂತ ಖುಷಿಯೂ ಆಯ್ತು. ಜೋಡಿಸಿ ತಿರುಗಿಸಿದ್ರೆ ಅದೇ ಟಕ್ ಟಕ್. ಶಾಫ್ಟ್‌ಗೆ 10 ಸೆಂ.ಮೀ. ತೋಳು ಕಟ್ಟಿ, ಅದರ ತುದಿಗೆ ತೂಕ ಹೆಚ್ಚಿಸ್ತಾ ಹೋಗಿ, ಎಷ್ಟಕ್ಕೆ ರೋಟರ್ ಜಾರುತ್ತೆ ಅಂತ ನೋಡಿದ್ವಿ. ನೇರ ರೋಟರ್‌ಗೆ ಸುಮಾರು 90 ಗ್ರಾಂ ಬೇಕಾಗಿತ್ತು, ಅಂದ್ರೆ 0.09 ನ್ಯೂಟನ್ ಮೀಟರ್‌ನ ಆಸುಪಾಸು. ಓರೆ ಮಾಡಿದ್ದಕ್ಕೂ ಹೆಚ್ಚುಕಡಿಮೆ ಅಷ್ಟೇ. ಇನ್ನೊಂದು ಕಡೆ, ಡ್ರಿಲ್ ಮೆಷಿನ್ ಕಟ್ಟಿ ಅದೇ ವೇಗದಲ್ಲಿ ತಿರುಗಿಸಿದಾಗ 20 ವೋಲ್ಟ್ ಬರ್ತಿದ್ದದ್ದು 15ಕ್ಕೆ ಇಳಿದಿತ್ತು. ಹಿಡಿತ ಹೋಗಲಿಲ್ಲ, ವೋಲ್ಟೇಜ್‌ನ ಕಾಲುಭಾಗ ಹೋಯ್ತು.

ಯಾಕೆ ಹೀಗಾಯ್ತು? ಕಾಗಿಂಗ್ 6 ಡಿಗ್ರಿಗೊಮ್ಮೆ ಮರುಕಳಿಸುತ್ತೆ. ನಾವು ಪ್ರತಿ ರಿಂಗನ್ನೂ ಸರಿಯಾಗಿ 6 ಡಿಗ್ರಿಯೇ ಸರಿಸಿದ್ವಿ. ಅಂದ್ರೆ ಮೊದಲ ರಿಂಗ್ ಏರು ಹತ್ತುವಾಗ ಎರಡನೆಯದೂ ಅದೇ ಏರಿನಲ್ಲಿ, ಐದನೆಯದೂ ಅದೇ ಏರಿನಲ್ಲಿ. ಕಾರನ್ನು ಓರೆ ಮಾಡಿದ್ವಿ, ಆದರೆ ನಾಲ್ಕು ಚಕ್ರಕ್ಕೂ ಬೇರೆ ಬೇರೆ ಹಂಪ್ ಒಂದೇ ಕ್ಷಣಕ್ಕೆ ಸಿಗೋ ಹಾಗೆ ಓರೆ ಮಾಡಿದ್ವಿ. ಮ್ಯಾಗ್ನೆಟ್ ರಿಂಗ್‌ಗಳಾಗಿ ತುಂಡಾಗದೆ ಉದ್ದಕ್ಕೂ ನುಣ್ಣಗೆ ಓರೆಯಾಗಿದ್ದಿದ್ರೆ 30 ಡಿಗ್ರಿಯೂ ಕೆಲಸ ಮಾಡ್ತಿತ್ತು, ಯಾಕಂದ್ರೆ ಅದು 6ರ ಪೂರ್ಣ ಗುಣಕ. ಆದ್ರೆ ವೋಲ್ಟೇಜ್ ಆಗಲೂ ಹೋಗ್ತಿತ್ತು.

ವೋಲ್ಟೇಜ್‌ನ ಲೆಕ್ಕವನ್ನೂ ಇಲ್ಲೇ ನೋಡೋಣ. ನುಣ್ಣನೆಯ ಓರೆಗೆ ಸ್ಕ್ಯೂ ಫ್ಯಾಕ್ಟರ್ sin(γ/2)/(γ/2). ಇಲ್ಲಿ γ ಅನ್ನೋದು ಎಲೆಕ್ಟ್ರಿಕಲ್ ಕೋನ. 10 ಪೋಲ್ ಅಂದ್ರೆ 5 ಜೋಡಿ, ಹಾಗಾಗಿ ಮೆಕ್ಯಾನಿಕಲ್ ಕೋನವನ್ನು 5ರಿಂದ ಗುಣಿಸಬೇಕು. 30 ಡಿಗ್ರಿಯ ಓರೆ 150 ಎಲೆಕ್ಟ್ರಿಕಲ್ ಡಿಗ್ರಿ ಆಗುತ್ತೆ, ಫ್ಯಾಕ್ಟರ್ 0.74. ಐದು ಮೆಟ್ಟಿಲಿನ ಓರೆಗೆ ಸೂತ್ರ ಸ್ವಲ್ಪ ಬೇರೆ, ಉತ್ತರ 0.75. ನಮ್ಮ 20 ವೋಲ್ಟ್ 15 ಆಗಿದ್ದಕ್ಕೆ ಇದೇ ಕಾರಣ. 6 ಡಿಗ್ರಿಯ ಓರೆಯಾದರೆ γ ಬರೀ 30 ಎಲೆಕ್ಟ್ರಿಕಲ್ ಡಿಗ್ರಿ, ಫ್ಯಾಕ್ಟರ್ 0.99. ನೂರಕ್ಕೆ ಒಂದರಷ್ಟು ನಷ್ಟ. ಇದು ಬೆಲೆಯೇ ಅಲ್ಲ.

ಹಾಗಾದ್ರೆ ಸರಿಯಾದ ಉತ್ತರ: ಆವರ್ತವನ್ನು ರಿಂಗ್‌ಗಳ ಸಂಖ್ಯೆಯಿಂದ ಭಾಗಿಸಿ. 6 ಡಿಗ್ರಿಯನ್ನು 5ರಿಂದ ಭಾಗಿಸಿದರೆ ಒಂದೊಂದು ರಿಂಗ್‌ಗೆ 1.2 ಡಿಗ್ರಿ. ಬರೆಯೋದು ಸುಲಭ, ಮಾಡೋದು ಕಷ್ಟ. 60 ಮಿ.ಮೀ. ವ್ಯಾಸದ ರೋಟರ್ ಮೇಲೆ 1.2 ಡಿಗ್ರಿ ಅಂದ್ರೆ 0.63 ಮಿ.ಮೀ. ಕಣ್ಣಳತೆಯಲ್ಲಿ ಇಟ್ಟರೆ ತಪ್ಪೇ ಅಷ್ಟಿರುತ್ತೆ. ಪ್ರತಿ ರಿಂಗ್‌ಗೂ 15 ಸೆಂ.ಮೀ. ಉದ್ದದ ಕಡ್ಡಿ ಸಿಕ್ಕಿಸಿ ಅದರ ತುದಿಯನ್ನು ಅಳೆದ್ವಿ. ಅಲ್ಲಿ 1.2 ಡಿಗ್ರಿ 3 ಮಿ.ಮೀ.ಗಿಂತ ಸ್ವಲ್ಪ ಹೆಚ್ಚಾಗುತ್ತೆ, ಸ್ಕೇಲಿಗೆ ಸಿಗುತ್ತೆ. ಈ ಸಲ 90 ಗ್ರಾಂ ಬೇಕಾಗಿದ್ದ ಕಡೆ 30 ಗ್ರಾಂ ಸಾಕಾಯ್ತು. ವೋಲ್ಟೇಜ್ ಮತ್ತೆ 20ರ ಹತ್ತಿರ ಬಂತು.

30 ಯಾಕೆ, ಸೊನ್ನೆ ಯಾಕಲ್ಲ? ಸ್ವಲ್ಪ ಪಾಲು ಬೇರಿಂಗ್‌ನ ಘರ್ಷಣೆ. ಅದು ಎಲ್ಲ ಕೋನದಲ್ಲೂ ಒಂದೇ ಸಮ ಇರುತ್ತೆ. ಆದ್ರೆ ಇನ್ನೂ ಸಣ್ಣ ಹಿಡಿತ ಕೈಗೆ ತಿಳೀತಿತ್ತು. ಶಾಫ್ಟ್‌ಗೆ ಗುರುತು ಹಾಕಿ ಒಂದು ಸುತ್ತಿಗೆ ಎಷ್ಟು ಸಲ ಹಿಡಿಯುತ್ತೆ ಅಂತ ಎಣಿಸಿದ್ವಿ. 60 ಅಲ್ಲ, 12. ಈ ಎಣಿಕೆ ರೋಗ ಹೇಳುತ್ತೆ. 60 ಬಂದರೆ ವಿನ್ಯಾಸದ್ದೇ ಕಾಗಿಂಗ್, ಓರೆ ಸರಿಯಾಗಿಲ್ಲ. ಸ್ಲಾಟ್ ಸಂಖ್ಯೆಯಾದ 12 ಬಂದರೆ ತಪ್ಪು ರೋಟರ್‌ನಲ್ಲಿದೆ, ಯಾವುದೋ ಮ್ಯಾಗ್ನೆಟ್ ಬಲಹೀನ ಅಥವಾ ಜಾಗ ತಪ್ಪಿದೆ. ಆ ಒಂಟಿ ಮ್ಯಾಗ್ನೆಟ್ 12 ಸ್ಲಾಟ್‌ಗಳನ್ನೂ ಒಂದೊಂದಾಗಿ ಎಣಿಸ್ತಾ ಹೋಗುತ್ತೆ. ಪೋಲ್ ಸಂಖ್ಯೆಯಾದ 10 ಬಂದರೆ ಸ್ಟೇಟರ್‌ನ ಯಾವುದೋ ಹಲ್ಲು ಸರಿಯಿಲ್ಲ. ಈ 12ರ ಆವರ್ತ 30 ಡಿಗ್ರಿ. ಅದರ ಮೇಲೆ 6 ಡಿಗ್ರಿಯ ಓರೆ ನೂರಕ್ಕೆ ಆರೇಳರಷ್ಟು ಮಾತ್ರ ಪರಿಣಾಮ ಮಾಡುತ್ತೆ. ಅಂದ್ರೆ ಓರೆ ಮಾಡೋದು ವಿನ್ಯಾಸದ ಕಾಗಿಂಗ್‌ಗೆ ಮದ್ದು, ನಮ್ಮ ಕೈಕೆಲಸದ ಸೋಮಾರಿತನಕ್ಕೆ ಅಲ್ಲ. ಮೂರನೇ ರಿಂಗ್‌ನಲ್ಲಿ ಒಂದು ಮ್ಯಾಗ್ನೆಟ್ ಓರೆಯಾಗಿ ಅಂಟಿಕೊಂಡಿತ್ತು. ಅದನ್ನು ಕಿತ್ತು ಸರಿಯಾಗಿ ಅಂಟಿಸಿದ ಮೇಲೆ ಉಳಿದ ಹಿಡಿತವೂ ತಗ್ಗಿತು.

"ಒಂದು ಸ್ಲಾಟ್ ಪಿಚ್" ಅನ್ನೋದು ಹುಟ್ಟು ಸುಳ್ಳೇನಲ್ಲ, ಅದನ್ನೂ ಒಪ್ಪಬೇಕು. ಇಂಡಕ್ಷನ್ ಮೋಟರ್‌ನ ರೋಟರ್ ಬಾರ್‌ಗಳನ್ನು ಹೆಚ್ಚುಕಡಿಮೆ ಅಷ್ಟೇ ಓರೆ ಮಾಡೋದು ರೂಢಿ. ಪೋಲ್‌ಗೆ ಇಷ್ಟು ಅಂತ ಪೂರ್ಣ ಸಂಖ್ಯೆಯಲ್ಲಿ ಸ್ಲಾಟ್ ಇರುವ ಮ್ಯಾಗ್ನೆಟ್ ಮೋಟರ್‌ಗೂ ಅದು ಸರಿಹೊಂದುತ್ತೆ. ಆದ್ರೆ ನಾವು ಲ್ಯಾಬಿನಲ್ಲಿ, ಪ್ರಾಜೆಕ್ಟಿನಲ್ಲಿ ಕೈಗೆತ್ತಿಕೊಳ್ಳೋದು ಹೆಚ್ಚಾಗಿ 12 ಸ್ಲಾಟ್ 10 ಪೋಲ್, 12 ಸ್ಲಾಟ್ 14 ಪೋಲ್‌ನಂಥವು. ಅಲ್ಲಿ ಆ ಸಾಲು ದಾರಿ ತಪ್ಪಿಸುತ್ತೆ. ಪ್ರಶ್ನೆಪತ್ರಿಕೆಯಲ್ಲಿ "ಕಾಗಿಂಗ್ ಕಡಿಮೆ ಮಾಡುವ ವಿಧಾನಗಳನ್ನು ಪಟ್ಟಿ ಮಾಡಿ" ಅಂತ ಕೇಳೋ ಬದಲು, "12 ಸ್ಲಾಟ್, 14 ಪೋಲ್, ನಾಲ್ಕು ರಿಂಗ್, ಒಂದೊಂದನ್ನು ಎಷ್ಟು ಡಿಗ್ರಿ ಸರಿಸುತ್ತೀರಿ?" ಅಂತ ಕೇಳಲಿ. ಎರಡೇ ಸಾಲಿನ ಉತ್ತರ. ಆದ್ರೆ ಬಾಯಿಪಾಠದಿಂದ ಬರೋದಿಲ್ಲ.

ಉತ್ತರ ಒಂದೂವರೆ ಡಿಗ್ರಿಗೂ ಕಡಿಮೆ. ಎಷ್ಟು ಅಂತ ನೀವೇ ಹಾಕಿ ನೋಡಿ.