ಮೊಣಕಾಲಿನ ‘ಲಟಕ್’

ಹನ್ನೆರಡು ವರ್ಷದ ಮೊಮ್ಮಗ ರಜೆಗೆಂದು ಜಮಖಂಡಿಗೆ ಬಂದಿದ್ದ. ದಿನಾ ಬೆಳಿಗ್ಗೆ ಅಂಗಳದಲ್ಲಿ ಬಸ್ಕಿ ಹೊಡೆಯುತ್ತಿದ್ದವನು ಒಂದು ದಿನ ಸುಮ್ಮನೆ ಕೂತುಬಿಟ್ಟ.

“ಅಜ್ಜಾ, ಕೂತಾಗೊಮ್ಮೆ ಮೊಣಕಾಲ ಲಟಕ್ ಅಂತೈತಿ. ಒಳಗಿನ ಎಣ್ಣಿ ಬತ್ತೈತಿ, ಇನ್ನ ಬಸ್ಕಿ ಬ್ಯಾಡ ಅಂದ್ರು ಗೆಳ್ಯಾರು.”

“ನೋವೈತೇನು? ಬಾವು ಬಂದೈತೇನು?”

“ಏನೂ ಇಲ್ಲಜ್ಜ, ಸಪ್ಪಳ ಅಷ್ಟ.”

ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದವನು, ವೈದ್ಯನಲ್ಲ. ಆದರೆ ನನ್ನ ಮೊಣಕಾಲು ನೋಡಿದ ಎಲುಬಿನ ಡಾಕ್ಟರು ತಿಳಿಸಿಕೊಟ್ಟದ್ದು ನೆನಪಿತ್ತು.

ಸಪ್ಪಳದಲ್ಲಿ ಮುಖ್ಯವಾಗಿ ಎರಡು ಬಗೆ. ಕೀಲಿನೊಳಗೆ ಅಂಟಂಟಾದ ದ್ರವವಿರುತ್ತದೆ. ಕೀಲು ಎಳೆದಾಗ ಅದರಲ್ಲಿ ಅನಿಲದ ಪೊಳ್ಳು ಉಂಟಾಗಿ ‘ಟಪ್’ ಎನ್ನುತ್ತದೆ. ಕೆನಡಾದ ವಿಜ್ಞಾನಿಗಳು 2015ರಲ್ಲಿ ಬೆರಳ ನೆಟಿಕೆ ತೆಗೆಯುವಾಗ ಎಂಆರ್‌ಐ ಯಂತ್ರದಲ್ಲಿ ಇದನ್ನು ಕಂಡರು. ಒಮ್ಮೆ ಟಪ್ ಎಂದ ಕೀಲು ಸುಮಾರು 20 ನಿಮಿಷ ಮತ್ತೆ ಸದ್ದು ಮಾಡುವುದಿಲ್ಲ. ಮೊಮ್ಮಗನದು ಪ್ರತಿ ಬಸ್ಕಿಗೂ ಬರುತ್ತಿತ್ತು. ಅದು ಎರಡನೆಯ ಬಗೆ: ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ ಎಲುಬಿನ ಉಬ್ಬನ್ನು ದಾಟುವಾಗ, ಇಲ್ಲವೆ ಮಂಡಿಚಿಪ್ಪು ತನ್ನ ಕಾಲುವೆಯಲ್ಲಿ ಸರಿಯುವಾಗ ಆಗುವ ಸದ್ದು. ನೋವು, ಬಾವು ಇಲ್ಲದಿದ್ದರೆ ಎರಡರಿಂದಲೂ ಅಪಾಯವಿಲ್ಲ. ಎಣ್ಣೆ ಬತ್ತುವ ಮಾತು ಬರೀ ಸುಳ್ಳು.

ಹಾಗಾದರೆ ಹೆದರುವುದು ಯಾವಾಗ? ಬನಹಟ್ಟಿಯ ನನ್ನ ಪರಿಚಯದ ನೇಕಾರರೊಬ್ಬರು ಕುಕ್ಕರಗಾಲಲ್ಲಿ ಕೂತು ಭಾರ ಎತ್ತಿ ಹೊರಳುವಾಗ ಮೊಣಕಾಲು ‘ಟಕ್’ ಎಂದಿತು. ಮರುದಿನ ಬಾವು ಬಂತು. ಆಮೇಲೆ ಕಾಲು ನಡುವೆಯೇ ಸಿಕ್ಕಿಕೊಂಡು ಪೂರ್ತಿ ನೆಟ್ಟಗಾಗದಾಯಿತು. ಎಣ್ಣೆ ತಿಕ್ಕಿಸುತ್ತ ಎರಡು ತಿಂಗಳು ಕಳೆದರು. ಕೊನೆಗೆ ಡಾಕ್ಟರು ಹೇಳಿದ್ದು: ಎಲುಬುಗಳ ನಡುವಿನ ಮೆತ್ತನೆಯ ಗಾದಿ ಹರಿದು, ಅದರ ತುಂಡು ಕೀಲಿನಲ್ಲಿ ಸಿಲುಕಿದೆ. ತಿಕ್ಕಿದರೆ ಅದು ಕೂಡುವಂಥದ್ದಲ್ಲ.

ಆದ್ದರಿಂದ ಸಪ್ಪಳದ ಜೊತೆ ಏನಿದೆ ಎಂದು ನೋಡಬೇಕು. ನೋವು, ಬಾವು, ಕಾಲು ಸಿಕ್ಕಿಕೊಳ್ಳುವುದು, ನಡೆಯುವಾಗ ಮೊಣಕಾಲು ಕುಸಿಯುವುದು, ಇವುಗಳಲ್ಲಿ ಒಂದಿದ್ದರೂ ಡಾಕ್ಟರಿಗೆ ತೋರಿಸಿರಿ. ಆಟದಲ್ಲಿ ಕಾಲು ತಿರುಚಿ ಸದ್ದಾಗಿ ಕೆಲವೇ ತಾಸಿನಲ್ಲಿ ಊದಿದರೆ ಅಂದೇ ಹೋಗಿರಿ. ಜ್ವರದ ಜೊತೆ ಮೊಣಕಾಲು ಬಿಸಿಯಾಗಿ ಊದಿದ್ದರೆ ತಡಮಾಡಲೇಬೇಡಿ.

ನನ್ನ ವಯಸ್ಸಿನವರದು ಸ್ವಲ್ಪ ಬೇರೆ. ಮೆಟ್ಟಿಲೇರುವಾಗ ನನ್ನ ಮೊಣಕಾಲು ಕರಕರ ಎನ್ನುತ್ತದೆ, ನೋವಿಲ್ಲ. “ಒಳಗಿನ ಮೃದು ಪದರ ಒರಟಾಗಿರಬಹುದು, ಮುಂದೆ ಸಂಧಿವಾತಕ್ಕೆ ತಿರುಗಲೂಬಹುದು. ಮೆಟ್ಟಿಲಲ್ಲಿ ನೋವು ಶುರುವಾದರೆ ಬರ್ರಿ” ಎಂದಿದ್ದಾರೆ ಡಾಕ್ಟರು. ತೊಡೆಗೆ ಬಲ ಬರಲಿ ಎಂದು ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂಡುತ್ತೇನೆ.

ಈಗ ಬೆಳಿಗ್ಗೆ ಅಂಗಳದಲ್ಲಿ ಅವನ ಲಟಕ್, ಪಡಸಾಲೆಯಲ್ಲಿ ನನ್ನ ಕರಕರ. ಅಡುಗೆಮನೆಯಲ್ಲಿ ಅವನ ಅಜ್ಜಿಗೆ ನಗು.