ಗೊಬ್ಬರ ವಿಭಾಗ ನಿಜವಾಗಿ ನಷ್ಟದಲ್ಲಿದೆಯೇ?



ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಒಂದೇ ಸೂರಿನಡಿ ಗೊಬ್ಬರ, ದಿನಸಿ, ಮೈಲುತುತ್ತ, ಸಲಕರಣೆ ಮಾರುವ ಮಳಿಗೆಗಳಿಗೆ ಈ ಪ್ರಶ್ನೆ ಹೊಸದಲ್ಲ. ಮಹಾಸಭೆಯಲ್ಲಿ ಯಾರಾದರೂ ಎದ್ದು, "ಗೊಬ್ಬರದಲ್ಲಿ ನಷ್ಟ, ಅದನ್ನು ಮುಚ್ಚಿ" ಎಂದರೆ ತಲೆಯಾಡಿಸುವ ಮೊದಲು ಸಾಮಾನ್ಯ ಖರ್ಚನ್ನು ಹೇಗೆ ಹಂಚಿದ್ದಾರೆಂದು ಕೇಳಬೇಕು.

ಒಂದು ಊಹೆಯ ಲೆಕ್ಕ ನೋಡೋಣ. ವರ್ಷದ ಮಾರಾಟ ಗೊಬ್ಬರದಲ್ಲಿ 12 ಲಕ್ಷ, ದಿನಸಿಯಲ್ಲಿ 6 ಲಕ್ಷ, ಔಷಧಿ-ಸಲಕರಣೆಯಲ್ಲಿ 2 ಲಕ್ಷ ರೂಪಾಯಿ. ಗೊಬ್ಬರದ ಚೀಲಕ್ಕೆ ಉಳಿಯುವುದು ಕಡಿಮೆ. ಆದ್ದರಿಂದ ಒಟ್ಟು ಲಾಭ ಕ್ರಮವಾಗಿ 60,000, 72,000 ಮತ್ತು 30,000. ಸಾಮಾನ್ಯ ಖರ್ಚು ಬಾಡಿಗೆ 40,000, ಸಂಬಳ 60,000, ವಿಮೆ 10,000, ಸೇರಿ 1,10,000.

ಸುಲಭವೆಂದು ಗುಮಾಸ್ತರು ಎಲ್ಲವನ್ನೂ ಮಾರಾಟದ ಪ್ರಮಾಣದಲ್ಲಿ ಹಂಚಿದರೆ ಗೊಬ್ಬರದ ತಲೆಗೆ 66,000 ಬೀಳುತ್ತದೆ; 6,000 ನಷ್ಟ ಕಾಣುತ್ತದೆ. ಆದರೆ ಬಾಡಿಗೆ ಹುಟ್ಟುವುದು ಜಾಗದಿಂದ, ಮಾರಾಟದಿಂದಲ್ಲ. ಗೊಬ್ಬರ ಹಿಡಿದ ಜಾಗ 100ಕ್ಕೆ 40 ಪಾಲಾದರೆ ಬಾಡಿಗೆ 16,000. ಇಪ್ಪತ್ತು ಚೀಲದ ಬಿಲ್ಲಿಗೆ ಹಿಡಿಯುವಷ್ಟೇ ಹೊತ್ತು ಕಾಲು ಕಿಲೋ ಬೇಳೆಯ ಬಿಲ್ಲಿಗೂ ಹಿಡಿಯುತ್ತದೆ. ಆದ್ದರಿಂದ ಸಂಬಳವನ್ನು ಕೆಲಸದ ವೇಳೆಯ ಮೇಲೆ ಹಂಚಬೇಕು. ಗೊಬ್ಬರಕ್ಕೆ 100ಕ್ಕೆ 30 ಆದರೆ 18,000. ವಿಮೆ ದಾಸ್ತಾನಿನ ಬೆಲೆಯ ಮೇಲೆ. ಅರ್ಧ ಪಾಲು ಗೊಬ್ಬರದ್ದಾದರೆ 5,000. ಒಟ್ಟು 39,000 ಮಾತ್ರ. ನಷ್ಟವೆಂದ ವಿಭಾಗ 21,000 ಲಾಭ ತೋರಿಸುತ್ತದೆ. ಇಡೀ ಮಳಿಗೆಯ ಲಾಭ ಎರಡೂ ಲೆಕ್ಕದಲ್ಲಿ 52,000ವೇ.

ಇನ್ನು ಮುಚ್ಚಿದರೆ ಏನಾದೀತು? ಗೊಬ್ಬರದ 60,000 ಒಟ್ಟು ಲಾಭ ಹೋಗುತ್ತದೆ. ಹೆಚ್ಚೆಂದರೆ ಸಂಬಳ ಮತ್ತು ವಿಮೆಯ 23,000 ಉಳಿದೀತು. ಕಟ್ಟಡದ ಬಾಡಿಗೆ ಹಾಗೇ ನಿಲ್ಲುತ್ತದೆ. 52,000 ಇದ್ದ ಲಾಭ 15,000ಕ್ಕೆ ಇಳಿಯುತ್ತದೆ.

ಇದಕ್ಕೂ ಮಿತಿಯಿದೆ. ರಸ್ತೆಗೆ ಮುಖವಿರುವ ಅಂಗಡಿಯ ಚದರಡಿಗೂ ಹಿಂದಿನ ಗೋದಾಮಿನ ಚದರಡಿಗೂ ಒಂದೇ ಬೆಲೆ ಕಟ್ಟುವುದು ನ್ಯಾಯವಲ್ಲ. ಮಾರ್ಚ್ 31ರ ಒಂದೇ ದಿನದ ದಾಸ್ತಾನನ್ನು ನಂಬಬಾರದು. ಮುಂಗಾರಿಗೆ ಮುಂಚೆ ಗೋದಾಮು ತುಂಬಿ ಆಮೇಲೆ ಬರಿದಾಗುವುದರಿಂದ ತಿಂಗಳ ಸರಾಸರಿ ಹಿಡಿಯಬೇಕು. ಕೆಲಸದ ವೇಳೆಯನ್ನು ಅಂದಾಜಿಸದೆ ಮಳೆಗಾಲದಲ್ಲೊಂದು ವಾರ, ಬೇಸಿಗೆಯಲ್ಲೊಂದು ವಾರ ಪುಸ್ತಕದಲ್ಲಿ ಬರೆದಿಡಲಿ. ಕಾರ್ಯದರ್ಶಿಯ ಸಂಬಳ, ಆಡಿಟ್ ಶುಲ್ಕದಂತಹ ಯಾವ ವಿಭಾಗಕ್ಕೂ ಅಂಟದ ಖರ್ಚನ್ನು ಬಲವಂತವಾಗಿ ಹಂಚದೆ ಸಾಮಾನ್ಯ ಲಾಭ-ನಷ್ಟ ಖಾತೆಯಲ್ಲೇ ಬಿಡುವುದು ಲೇಸು.

ಹಂಚಿಕೆಯ ಆಧಾರವನ್ನು ವರ್ಷದ ಆರಂಭದಲ್ಲೇ ಆಡಳಿತ ಮಂಡಳಿ ನಿರ್ಣಯಿಸಿ, ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸಲಿ. ಲಾಭ ಕಂಡ ಮೇಲೆ ಆಧಾರ ಬದಲಿಸಿದರೆ, ಅದು ಲೆಕ್ಕವಲ್ಲ, ಬೇಕಾದವರಿಗೆ ಬೇಕಾದಂತೆ ಹೊಲಿದ ಅಂಗಿ.