ಹಿರಿಯರು ನಡೆಯುವ ಪ್ಯಾಸೇಜಿಗೆ ನೆಲಮಟ್ಟದ ರಾತ್ರಿದೀಪ: ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಹಾಸನ ಜಿಲ್ಲೆ, ಹಾಸನ

ಇವರಿಂದ,
ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಹಿರಿಯ ನಾಗರಿಕರು

ವಿಷಯ: ಸರ್ಕಾರಿ ಆಸ್ಪತ್ರೆಗಳಲ್ಲಿ ವಾರ್ಡಿನಿಂದ ಶೌಚಾಲಯಕ್ಕೆ ಹೋಗುವ ದಾರಿಯ ದೀಪಗಳ ಕುರಿತು.

ಮಾನ್ಯರೇ,

ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಸಾಧ್ಯವಾದಷ್ಟು ಹಾಸಿಗೆ ಒದಗಿಸಬೇಕೆಂದು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 20ನೇ ಕಲಂ ಹೇಳುತ್ತದೆ. ಆ ಹಾಸಿಗೆಯಿಂದ ರಾತ್ರಿ ಎದ್ದು ಶೌಚಾಲಯಕ್ಕೆ ಹೋಗುವ ದಾರಿಯ ಬಗ್ಗೆ ಈ ಮನವಿ. ಅರವತ್ತು ದಾಟಿದವರ ಕಣ್ಣಿನೊಳಕ್ಕೆ ಇಪ್ಪತ್ತರವರಿಗೆ ಹೋಲಿಸಿದರೆ ಮೂರನೇ ಒಂದು ಪಾಲು ಬೆಳಕಷ್ಟೇ ತಲುಪುತ್ತದೆ. ಕತ್ತಲಿಗೆ ಹೊಂದಿಕೊಳ್ಳಲೂ ಹೆಚ್ಚು ಹೊತ್ತು ಬೇಕು. ಹಾಗೆಂದು ಚಾವಣಿಯ ಟ್ಯೂಬ್‌ಲೈಟ್ ಹೊತ್ತಿಸಿದರೆ ಮಲಗಿದವರ ನಿದ್ದೆ ಕೆಡುತ್ತದೆ, ನುಣುಪಾದ ನೆಲದ ಹೊಳಪು ಕಣ್ಣಿಗೆ ಹೊಡೆಯುತ್ತದೆ. ಕೊನೆಗೆ ಯಾರಾದರೂ ಎದ್ದು ಅದನ್ನು ಆರಿಸಿಯೇ ಬಿಡುತ್ತಾರೆ.

ಆದ್ದರಿಂದ ನೆಲದಿಂದ ಸುಮಾರು 30 ಸೆಂ.ಮೀ. ಎತ್ತರದಲ್ಲಿ, ಒಂದೂವರೆ ಮೀಟರಿಗೊಂದರಂತೆ, ಬಲ್ಬು ಕಣ್ಣಿಗೆ ಕಾಣದೆ ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಹಳದಿ ಬೆಳಕಿನ 1 ವ್ಯಾಟ್ ಎಲ್‌ಇಡಿ ದೀಪಗಳನ್ನು ಹಾಕಿಸಬೇಕು. ಇನ್ನೂ ಕೆಳಗಿಟ್ಟರೆ ನೆಲ ಒರೆಸುವ ನೀರು ಒಳಗಿಳಿಯುತ್ತದೆ. 12 ಮೀಟರ್ ಉದ್ದದ ಪ್ಯಾಸೇಜಿಗೆ ಎಂಟು ದೀಪ ಸಾಕು. ರಾತ್ರಿ 11 ಗಂಟೆ ಕಾಲ ಉರಿದರೂ ತಿಂಗಳಿಗೆ ಮೂರು ಯೂನಿಟ್ ಆಗದು. ಹೆಸರಿಗೆ ಜೀರೋ ಆಗಿದ್ದ ಹಳೆಯ ಜೀರೋ ಬಲ್ಬು ಒಂದೇ ಇದಕ್ಕಿಂತ ಹೆಚ್ಚು ಎಳೆಯುತ್ತಿತ್ತು.

ವಿದ್ಯುತ್ ಉಳಿಸಲೆಂದು ಈ ದೀಪಗಳನ್ನು ಚಲನೆಯ ಸೆನ್ಸರ್‌ಗೆ ಮಾತ್ರ ಬಿಡಬಾರದೆಂಬುದು ನಮ್ಮ ಮುಖ್ಯ ಬೇಡಿಕೆ. ಪಿಐಆರ್ ಸೆನ್ಸರ್ ತನ್ನೆದುರು ಅಡ್ಡ ಹಾಯುವವರನ್ನು ಬೇಗ ಗುರುತಿಸುತ್ತದೆ, ನೇರವಾಗಿ ತನ್ನತ್ತ ಬರುವವರನ್ನು ತಡವಾಗಿ. ಊರುಗೋಲು ಹಿಡಿದು ನಿಧಾನ ನಡೆಯುವವರು ಗೋಡೆ ಹಿಡಿದು ಸುಧಾರಿಸಿಕೊಳ್ಳಲು ನಿಂತರೆ, ಯಾರೂ ಇಲ್ಲವೆಂದುಕೊಂಡು ದೀಪ ಆರಿಸಿಬಿಡುತ್ತದೆ. ಮಂದ ದೀಪ ಮುಸ್ಸಂಜೆಗೆ ಹೊತ್ತಿ ಬೆಳಗಾದ ಮೇಲೆ ಆರುವಂತೆ ಬೆಳಕಿನ ಸೆನ್ಸರ್ ಇರಲಿ. ಚಲನೆಯ ಸೆನ್ಸರ್ ಅದನ್ನು ಇನ್ನಷ್ಟು ಪ್ರಖರಗೊಳಿಸಲು ಮಾತ್ರ ಬಳಕೆಯಾಗಲಿ, ಆರಿಸಲು ಅಲ್ಲ. ಶೌಚಾಲಯದೊಳಗಂತೂ ಚಲನೆಯ ಸೆನ್ಸರ್ ಬೇಡವೇ ಬೇಡ. ಅಲ್ಲಿ ಕೂತವರು ಅಲುಗಾಡುವುದಿಲ್ಲ.

ಜೊತೆಗೆ, ಮಲಗಿದಲ್ಲಿಂದಲೇ ಕೈಗೆ ಸಿಗುವಂತೆ ಅಗಲವಾದ ಸ್ವಿಚ್ ಬೇಕು. ಕತ್ತಲಲ್ಲೂ ಕಾಣಲು ಅದರಲ್ಲಿ ಚಿಕ್ಕ ಸೂಚಕ ದೀಪವಿರಲಿ. ಶೌಚಾಲಯದ ಬಾಗಿಲ ಬಳಿಯೂ ಇನ್ನೊಂದು ಸ್ವಿಚ್ ಇಟ್ಟು, ಎರಡನ್ನೂ ಟೂ-ವೇ ಜೋಡಣೆಯಲ್ಲಿ ಪ್ಯಾಸೇಜಿನ ಪ್ರಖರ ದೀಪಕ್ಕೆ ಸೇರಿಸಬೇಕು. ಕರೆಂಟು ಹೋದಾಗಲೂ ಉರಿಯುವಂತೆ ನೆಲಮಟ್ಟದ ದೀಪಗಳ ಲೈನನ್ನು ಯುಪಿಎಸ್‌ಗೆ ಕೊಡಬೇಕು.

ಮೊದಲು ನಾಲ್ಕೂ ಪಟ್ಟಣಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ತಲಾ ಒಂದು ವಾರ್ಡಿನಲ್ಲಿ ಇದನ್ನು ಮಾಡಿಸಿ. ಗುತ್ತಿಗೆದಾರರ ಬಿಲ್ ಪಾಸು ಮಾಡುವ ಮುನ್ನ ರಾತ್ರಿ ಹೊತ್ತು ಊರುಗೋಲಿನ ಹಿರಿಯರೊಬ್ಬರನ್ನು ಹಾಸಿಗೆಯಿಂದ ಶೌಚಾಲಯದವರೆಗೆ ನಡೆಸಿ, ನಡುವೆ ಐದು ನಿಮಿಷ ಅಲುಗಾಡದೆ ನಿಲ್ಲಿಸಿ ನೋಡಬೇಕು. ಆಗ ದಾರಿಯಲ್ಲಿ ಎಲ್ಲಾದರೂ ಕತ್ತಲಾದರೆ ಕೆಲಸ ಮುಗಿದಿಲ್ಲವೆಂದು ಬರೆದುಕೊಡುವಂತೆ ಸಂಬಂಧಿಸಿದ ಎಂಜಿನಿಯರರಿಗೆ ತಾವು ಲಿಖಿತ ಸೂಚನೆ ನೀಡಬೇಕೆಂದು ಕೋರುತ್ತೇವೆ. ಆ ಪರೀಕ್ಷೆಗೆ ನಡೆಯಲು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ.


ತಮ್ಮ ವಿಶ್ವಾಸಿಗಳು
(ನಾಲ್ಕು ತಾಲ್ಲೂಕುಗಳ ಹಿರಿಯ ನಾಗರಿಕರ ಸಹಿಗಳು)